ಕಣ್ಣು ಮುಚ್ಚಿದವರ ಮುಖ: ರೀಟಚರ್ ಒಬ್ಬರ ಅರ್ಜಿ ಪತ್ರವನ್ನು ಓದುತ್ತಾ

(ಫೋಟೊ ರೀಟಚಿಂಗ್ ಕೆಲಸದಲ್ಲಿರುವವರಿಗಾಗಿ ಬೆಂಗಳೂರಿನಲ್ಲಿ ನಡೆದ ಒಂದು ದಿನದ ಕಾರ್ಯಾಗಾರದಲ್ಲಿ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಸಿನಿಮಾದ ಪೋಸ್ಟ್ ಪ್ರೊಡಕ್ಷನ್ ಸ್ಟುಡಿಯೊ ಒಂದರಲ್ಲಿ ನಾನು ಕಂಪೋಸಿಟಿಂಗ್ ವಿಭಾಗವನ್ನು, ಅಂದರೆ ಬೇರೆ ಬೇರೆ ಚಿತ್ರಗಳನ್ನು ಒಂದೇ ಶಾಟ್‌ನಲ್ಲಿ ಬೆರೆಸುವ ವಿಭಾಗವನ್ನು, ನೋಡಿಕೊಳ್ಳುತ್ತೇನೆ. ಹೊಸಬರ ಅರ್ಜಿಗಳನ್ನು ಮೊದಲು ಓದುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ಇವತ್ತು ಅಂಥ ಅರ್ಜಿಯ ಜೊತೆ ಬಂದ ಪತ್ರವೊಂದನ್ನು ನಿಮ್ಮ ಮುಂದೆ ಬಿಡಿಸಿಡುತ್ತೇನೆ. ಸರಿಯಾಗಿ ಹೇಳಬೇಕೆಂದರೆ ಅವು ಎರಡು ಪತ್ರಗಳು. ಬರೆದವರು ಒಬ್ಬರೇ, ನಡುವೆ ಏಳು ತಿಂಗಳ ಅಂತರವಿತ್ತು. ಅವರ ಅನುಮತಿ ಕೇಳಿಕೊಂಡೇ ಬಂದಿದ್ದೇನೆ, ಹೆಸರು ಮಾತ್ರ ಹೇಳುವುದಿಲ್ಲ. ಪತ್ರಗಳು ಇಂಗ್ಲಿಷಿನಲ್ಲಿದ್ದವು, ಇಲ್ಲಿ ಅವುಗಳ ಸಾರವನ್ನು ಕನ್ನಡದಲ್ಲಿ ಹೇಳುತ್ತೇನೆ.

ಮೊದಲ ಪತ್ರ ಹೀಗಿತ್ತು: ಎಂಟು ವರ್ಷಗಳ ಅನುಭವ, ಫೋಟೊಶಾಪಿನಲ್ಲಿ ಪರಿಣತಿ, ಕಂಪೋಸಿಟಿಂಗ್ ಮತ್ತು ಮುಖ ಬದಲಾವಣೆಯಲ್ಲಿ ವಿಶೇಷ ನೈಪುಣ್ಯ, ಒತ್ತಡದಲ್ಲಿಯೂ ಕೆಲಸ ಮಾಡುವ ಸಾಮರ್ಥ್ಯ, ಸಿನಿಮಾದ ಬಗ್ಗೆ ಅಪಾರ ಪ್ರೀತಿ. ಜೊತೆಗೆ ನಲವತ್ತು ಸ್ಥಿರಚಿತ್ರಗಳು. ಚಿತ್ರಗಳು ಚೆನ್ನಾಗಿಯೇ ಇದ್ದವು. ಆದರೂ ನಾನು ಅವರನ್ನು ಕರೆಯಲಿಲ್ಲ, ಏಕೆಂದರೆ ಆ ಪತ್ರದಲ್ಲಿ ನನಗೆ ಬೇಕಾದ ಉತ್ತರ ಇರಲಿಲ್ಲ. ಒಂದು ಚಿತ್ರದ ಮೇಲೆ ನಾಲ್ಕು ಗಂಟೆ ಕೂತು ಅದನ್ನು ತಿದ್ದಿದವರು, ಅದೇ ತಿದ್ದುಪಡಿ ಸೆಕೆಂಡಿಗೆ 24 ಬಾರಿ ಬದಲಾಗುತ್ತಾ ಹೋಗುವಾಗ ಏನು ಮಾಡುತ್ತಾರೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಆ ಪ್ರಶ್ನೆ ಅವರಿಗೆ ಹೊಳೆದಿರುವ ಸುಳಿವೇ ಅಲ್ಲಿ ಸಿಗಲಿಲ್ಲ.

ಎರಡನೆಯ ಪತ್ರ ಒಂದೇ ಪುಟದ್ದು. ಅದರ ಮುಖ್ಯ ಭಾಗ ಹೀಗಿದೆ:

“ಮಾನ್ಯರೇ, ಕಿರಿಯ ಕಂಪೋಸಿಟರ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಎಂಟು ವರ್ಷಗಳಿಂದ ಮದುವೆ ಆಲ್ಬಂ ಮಾಡುವ ಲ್ಯಾಬಿನಲ್ಲಿ ರೀಟಚರ್ ಆಗಿದ್ದೇನೆ. ಗುಂಪು ಫೋಟೊದಲ್ಲಿ ಕಣ್ಣು ಮುಚ್ಚಿದವರ ಮುಖವನ್ನು ಅದೇ ಸಾಲಿನ ಇನ್ನೊಂದು ಫೋಟೊದಿಂದ ತಂದು ಕೂರಿಸುವುದು ನನ್ನ ನಿತ್ಯದ ಕೆಲಸ. ಚಲಿಸುವ ಚಿತ್ರದಲ್ಲಿ ಈ ಕೆಲಸ ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಲು ಗೆಳೆಯರೊಂದಿಗೆ ಒಂದು ಶಾಟ್ ಚಿತ್ರೀಕರಿಸಿ, ನ್ಯೂಕ್ ತಂತ್ರಾಂಶದ ವಾಣಿಜ್ಯೇತರ ಆವೃತ್ತಿಯಲ್ಲಿ ಅದರ ಮೇಲೆ ಕೆಲಸ ಮಾಡಿದ್ದೇನೆ.

“ಶಾಟ್ 112 ಫ್ರೇಮುಗಳದ್ದು. ಒಬ್ಬರು ಕಲ್ಯಾಣಿಯ ಮೆಟ್ಟಿಲಿನಿಂದ ಕೆಳಗೆ ಹಾರಿ ಕ್ಯಾಮೆರಾದತ್ತ ತಿರುಗುತ್ತಾರೆ. 71 ಫ್ರೇಮುಗಳಲ್ಲಿ ಮುಖ ಕಾಣುತ್ತದೆ. ಹಾರಿದವರ ಮುಖದ ಜಾಗದಲ್ಲಿ ಇನ್ನೊಬ್ಬ ಗೆಳೆಯನ ಮುಖವನ್ನು ಕೂರಿಸಿದ್ದೇನೆ. ಚಿತ್ರೀಕರಣ ನನ್ನದಲ್ಲ. ರೋಟೊ, ಟ್ರ್ಯಾಕಿಂಗ್, ಪೇಂಟ್, ಬಣ್ಣದ ಹೊಂದಾಣಿಕೆ, ಗ್ರೇನ್ ನನ್ನವು. ಮೊದಲ ಪ್ರಯತ್ನ ವಿಫಲವಾಗಿ, ಮುಖದ ಭಾಗವನ್ನು ಮತ್ತೆ ಚಿತ್ರೀಕರಿಸಬೇಕಾಯಿತು; ಕಾರಣವನ್ನು ಕೆಳಗೆ ಬರೆದಿದ್ದೇನೆ. 64ರಿಂದ 70ನೇ ಫ್ರೇಮಿನವರೆಗೆ ತಲೆ ಬಹುತೇಕ ಪಕ್ಕಕ್ಕೆ ಹೊರಳುತ್ತದೆ. ಅಲ್ಲಿ ಮೂಗಿನ ಅಂಚು ಜಾರುವುದನ್ನು ನನ್ನಿಂದ ಸರಿಪಡಿಸಲು ಆಗಿಲ್ಲ. ಶಾಟ್‌ನಲ್ಲಿರುವ ಇಬ್ಬರೂ ತಮ್ಮ ಮುಖವನ್ನು ಹೀಗೆ ಬಳಸಲು ಮತ್ತು ನಿಮಗೆ ತೋರಿಸಲು ಬರಹದಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ.”

ರೋಟೊ ಎಂದರೆ ಆಕೃತಿಯ ಅಂಚಿಗೆ ಫ್ರೇಮು ಫ್ರೇಮಾಗಿ ಗೆರೆ ಹಾಕಿ ಅದನ್ನು ಬೇರ್ಪಡಿಸುವುದು, ಟ್ರ್ಯಾಕಿಂಗ್ ಎಂದರೆ ಬಿಂದುವೊಂದರ ಚಲನೆಯನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸುವುದು, ಗ್ರೇನ್ ಎಂದರೆ ಕ್ಯಾಮೆರಾದ ಚಿತ್ರದಲ್ಲಿ ಕಾಣುವ ಸಣ್ಣ ಕಣಗಳು. ಗುಂಪು ಫೋಟೊದ ಸಾಲಿನಿಂದಲೇ ಶುರು ಮಾಡುತ್ತೇನೆ. “ಮುಖ ಬದಲಾವಣೆಯಲ್ಲಿ ನೈಪುಣ್ಯ” ಎಂದು ಮೊದಲ ಪತ್ರದಲ್ಲಿ ಬರೆದವರೂ ಇವರೇ, “ಕಣ್ಣು ಮುಚ್ಚಿದವರ ಮುಖ” ಎಂದು ಎರಡನೆಯದರಲ್ಲಿ ಬರೆದವರೂ ಇವರೇ. ಎರಡನೆಯದನ್ನು ಓದಿದ ತಕ್ಷಣ ಅವರಿಗೆ ಏನು ಬರುತ್ತದೆ ಎಂಬುದು ನನಗೆ ಗೊತ್ತಾಯಿತು. ಛತ್ರದ ವೇದಿಕೆಯ ಮೇಲೆ ಮೂವತ್ತು ಜನ ನಿಂತಿದ್ದಾರೆ, ಹಿಂದಿನ ಸಾಲಿನ ದೊಡ್ಡಪ್ಪ ಕಣ್ಣು ಮುಚ್ಚಿದ್ದಾರೆ, ಮುಂದಿನ ಕ್ಲಿಕ್ಕಿನಲ್ಲಿ ಅವರ ಕಣ್ಣು ತೆರೆದಿದೆ, ಆದರೆ ತಲೆ ಸ್ವಲ್ಪ ವಾಲಿದೆ. ಆ ತಲೆಯನ್ನು ತಂದು ಕೂರಿಸುವವರು ಕತ್ತಿನ ಕೋನ ನೋಡುತ್ತಾರೆ, ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ನೋಡುತ್ತಾರೆ, ಪಕ್ಕದವರ ಪೇಟದ ನೆರಳು ಕೆನ್ನೆಯ ಮೇಲಿತ್ತೇ ಎಂದು ನೋಡುತ್ತಾರೆ. ಸಿನಿಮಾದ ಮುಖ ಬದಲಾವಣೆಯಲ್ಲಿಯೂ ನೋಡಬೇಕಾದದ್ದು ಇವನ್ನೇ. ಆ ಕಣ್ಣು ಅವರಲ್ಲಿ ಆಗಲೇ ಇದೆ.

ಈ ಕೆಲಸ ಸಿನಿಮಾಕ್ಕೆ ಯಾಕೆ ಬೇಕಾಗುತ್ತದೆ ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. 1993ರ ‘ಜುರಾಸಿಕ್ ಪಾರ್ಕ್’ನಲ್ಲಿ ಹುಡುಗಿಯ ಪಾತ್ರಕ್ಕೆ ಬದಲಿಯಾಗಿ ನೇತಾಡುತ್ತಿದ್ದ ಸಾಹಸ ಕಲಾವಿದೆ ಕ್ಯಾಮೆರಾದತ್ತ ನೋಡಿಬಿಟ್ಟದ್ದರಿಂದ, ಆಕೆಯ ಮುಖದ ಮೇಲೆ ನಟಿಯ ಮುಖವನ್ನು ಕಂಪ್ಯೂಟರಿನಲ್ಲಿ ಕೂರಿಸಬೇಕಾಯಿತು. ನಮ್ಮಲ್ಲಿ 2016ರ ‘ನಾಗರಹಾವು’ ಚಿತ್ರಕ್ಕೆ, 2009ರಲ್ಲಿ ತೀರಿಕೊಂಡಿದ್ದ ವಿಷ್ಣುವರ್ಧನ್ ಅವರ ಮುಖವನ್ನೇ ಮತ್ತೆ ಕಟ್ಟಲಾಯಿತು. ಎರಡನೆಯದು ದೊಡ್ಡ ತಂಡಗಳ ಕೆಲಸ. ಅದಕ್ಕೆ ಮೂರು ಆಯಾಮದ ತಲೆಯೇ ಬೇಕು. ನಮ್ಮ ಬಳಿಗೆ ಹೆಚ್ಚಾಗಿ ಬರುವುದು ಮೊದಲ ಬಗೆಯದು. ಫೈಟ್ ಮಾಸ್ಟರ್ ಕಡೆಯ ಡ್ಯೂಪ್ ಒಂದು ಕ್ಷಣ ತಿರುಗಿರುತ್ತಾರೆ, ಟೇಕ್ ಚೆನ್ನಾಗಿ ಬಂದಿರುತ್ತದೆ, ನಿರ್ದೇಶಕರಿಗೆ ಅದೇ ಟೇಕ್ ಬೇಕು. ಕಲ್ಯಾಣಿಯ ಶಾಟ್ ಅಂಥದ್ದೇ.

ಇನ್ನು ಅವರ ವಿಫಲವಾದ ಮೊದಲ ಪ್ರಯತ್ನ. ಪತ್ರದಲ್ಲಿ ಇದಕ್ಕೆ ಆರು ಸಾಲು ಕೊಟ್ಟಿದ್ದರು, ನಾನು ಎರಡು ಬಾರಿ ಓದಿದ್ದು ಆ ಆರು ಸಾಲುಗಳನ್ನೇ. ಮೂಲ ಶಾಟನ್ನು, ಅಂದರೆ ನಾವು ಪ್ಲೇಟ್ ಎನ್ನುವುದನ್ನು, ಸುಮಾರು ಐದು ಮೀಟರ್ ದೂರದಿಂದ, 1/50 ಸೆಕೆಂಡಿನ ಶಟರಿನಲ್ಲಿ ಚಿತ್ರೀಕರಿಸಿದ್ದರು. ಕೂರಿಸಬೇಕಾದ ಮುಖವನ್ನು ಇವರು ತಮ್ಮ ಲ್ಯಾಬಿನ ಅಭ್ಯಾಸದಂತೆ ಒಂದೂವರೆ ಮೀಟರ್ ದೂರದಲ್ಲಿ ನಿಂತು, 1/250ರ ಶಟರಿನಲ್ಲಿ, ಬೇರೆ ಬೇರೆ ಕೋನಗಳ ಸ್ಥಿರಚಿತ್ರಗಳಾಗಿ ತೆಗೆದುಕೊಂಡು ಬಂದರು. ಎರಡು ತಪ್ಪುಗಳು ಒಟ್ಟಿಗೇ ಆದವು.

ಮೊದಲನೆಯದು ದೂರದ ತಪ್ಪು. ಹತ್ತಿರದಿಂದ ನೋಡಿದ ಮುಖದಲ್ಲಿ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ದೂರದಿಂದ ನೋಡಿದ ಮುಖ ಚಪ್ಪಟೆಯಾಗಿ, ಅಗಲವಾಗಿ ಕಾಣುತ್ತದೆ. ಇದನ್ನು ಲೆನ್ಸಿನ ಗುಣವೆಂದು ಹಲವರು ತಿಳಿದಿದ್ದಾರೆ, ಆದರೆ ಇದು ನಿಂತ ಜಾಗದ ಗುಣ. ಲೆನ್ಸ್ ಬದಲಿಸಿದರೆ ಚೌಕಟ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಮೂಗಿಗೂ ಕಿವಿಗೂ ಇರುವ ಅನುಪಾತ ಬದಲಾಗುವುದು ಕ್ಯಾಮೆರಾ ನಿಂತ ದೂರದಿಂದಲೇ. ಒಂದೂವರೆ ಮೀಟರಿನ ಮುಖವನ್ನು ಐದು ಮೀಟರಿನ ತಲೆಯ ಮೇಲೆ ಕೂರಿಸಿದರೆ, ಗಾತ್ರ ಎಷ್ಟೇ ಸರಿಮಾಡಿದರೂ ಅದು ಮುಖವಾಡದಂತೆಯೇ ಕಾಣುತ್ತದೆ. ನೋಡುವವರಿಗೆ ಕಾರಣ ಹೇಳಲು ಬಾರದು, “ಏನೋ ಸರಿಯಿಲ್ಲ” ಎನ್ನುತ್ತಾರೆ, ಅಷ್ಟೇ.

ಎರಡನೆಯದು ಶಟರಿನದು. ಕೆಳಗೆ ಹಾರುವ ದೇಹ 1/50 ಸೆಕೆಂಡಿನಲ್ಲಿ ಒಂದಿಷ್ಟು ಜರುಗುತ್ತದೆ, ಆದ್ದರಿಂದ ಕತ್ತು, ಕೂದಲು, ಅಂಗಿಯ ಕಾಲರು ಎಲ್ಲವೂ ಚಲನೆಯ ದಿಕ್ಕಿನಲ್ಲಿ ಮಸುಕಾಗಿರುತ್ತವೆ. ಅದರ ಮೇಲೆ 1/250ರ ಮುಖ ರೆಪ್ಪೆಯ ಕೂದಲು ಎಣಿಸುವಷ್ಟು ಚೂಪಾಗಿ ಕೂತಿತ್ತು. ರೀಟಚರಿಗೆ ಚೂಪಾದ ಚಿತ್ರವೇ ಒಳ್ಳೆಯ ಚಿತ್ರ. ಎಂಟು ವರ್ಷ ಗ್ರಾಹಕರು ಅದನ್ನೇ ಹೊಗಳಿರುತ್ತಾರೆ. ಇಲ್ಲಿ ಮಾತ್ರ ಅದೇ ಎಡವಟ್ಟಾಯಿತು. ಚೂಪಾದ ಮುಖಕ್ಕೆ ತಲೆಯ ಚಲನೆಯ ಲೆಕ್ಕ ಹಿಡಿದು ಮಸುಕನ್ನು ಆಮೇಲೆ ಸೇರಿಸಬಹುದು, ನಾವೂ ಸೇರಿಸುತ್ತೇವೆ. ಆದರೆ ಬೇರೆ ಬೇರೆ ಕೋನದ ಹನ್ನೆರಡು ಸ್ಥಿರಚಿತ್ರಗಳಿಂದ 71 ಫ್ರೇಮುಗಳ ಮುಖ ಹುಟ್ಟುವುದಿಲ್ಲ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾಯುವ ಜಾಗದಲ್ಲೆಲ್ಲ ಮುಖ ಕರಗಿ ಮತ್ತೆ ಮೂಡಿದಂತಾಗುತ್ತಿತ್ತು.

ಮರುವಾರ ಅವರು ಅದೇ ಕಲ್ಯಾಣಿಗೆ, ಮೊದಲು ಚಿತ್ರೀಕರಿಸಿದ್ದ ಹೊತ್ತಿಗೇ, ಸಂಜೆ ನಾಲ್ಕೂವರೆಗೆ ಗೆಳೆಯನನ್ನು ಕರೆದುಕೊಂಡು ಹೋದರು. ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಐದು ಮೀಟರ್, ಅದೇ ಎತ್ತರ. ಪ್ಲೇಟನ್ನು ಫೋನಿನಲ್ಲಿ ತೋರಿಸಿ, ಎಣಿಕೆ ಹೇಳುತ್ತಾ, ಗೆಳೆಯನಿಂದ ಅದೇ ವೇಗದಲ್ಲಿ ತಲೆ ತಿರುಗಿಸಿ ವಿಡಿಯೊ ಮಾಡಿದರು. ಸಮಯ ಒಂದೇ ಆಗಬೇಕಾದದ್ದು ಮೂಗಿನ ನೆರಳಿಗಾಗಿ. ನೆರಳು ಎಡ ಕೆನ್ನೆಯ ಮೇಲೆ ಯಾವ ಕೋನದಲ್ಲಿ ಬಿದ್ದಿದೆ ಎಂಬುದನ್ನು ಬಣ್ಣ ತಿದ್ದಿ ಬದಲಿಸಲಾಗದು. ಬಣ್ಣ ಹೊಂದದಿದ್ದರೆ ಹೊಂದಿಸಬಹುದು. ಬೆಳಕಿನ ದಿಕ್ಕು ತಪ್ಪಿದರೆ ಮತ್ತೆ ಚಿತ್ರೀಕರಿಸುವುದೇ ಅಗ್ಗ.

ಆಮೇಲೆ ಟ್ರ್ಯಾಕಿಂಗ್. ಇಲ್ಲಿ ಪತ್ರದ ಒಂದು ವಾಕ್ಯ ನನಗೆ ಬಹಳ ಹಿಡಿಸಿತು: “ಹುಬ್ಬು ಮತ್ತು ತುಟಿಯ ಮೂಲೆಗಳನ್ನು ಬಿಟ್ಟು, ಕಣ್ಣಿನ ಒಳಮೂಲೆಗಳನ್ನೂ ಮೂಗಿನ ಸೇತುವೆಯನ್ನೂ ಹಿಡಿದುಕೊಂಡೆ.” ತಲೆ ಹೇಗೆ ಚಲಿಸುತ್ತದೆ ಎಂದು ತಿಳಿಯಲು ತಲೆಬುರುಡೆಗೆ ಅಂಟಿಕೊಂಡಿರುವ ಬಿಂದುಗಳು ಬೇಕು. ಹುಬ್ಬೂ ತುಟಿಯೂ ಭಾವಕ್ಕೆ ತಕ್ಕಂತೆ ಓಡಾಡುತ್ತವೆ. ಹುಬ್ಬನ್ನು ಹಿಡಿದು ಟ್ರ್ಯಾಕ್ ಮಾಡಿದರೆ, ಹಾರಿದವರು ನೆಲಕ್ಕೆ ಬಿದ್ದಾಗ ಹುಬ್ಬು ಗಂಟಿಕ್ಕಿದ ಕೂಡಲೇ ಹೊಸ ಮುಖ ಪೂರ್ತಿಯಾಗಿ ಕೆಳಗೆ ಜಾರುತ್ತದೆ. ಇದನ್ನು ಪುಸ್ತಕ ಓದಿಯೂ ಬರೆಯಬಹುದು ಎಂದು ನೀವು ಹೇಳಬಹುದು. ಆದರೆ ಜೊತೆಗೆ ಕಳಿಸಿದ ಶಾಟ್‌ನಲ್ಲಿ ಮುಖ ಜಾರಿರಲಿಲ್ಲ.

ಫೋಟೊ ಕೆಲಸದಿಂದ ಬಂದವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದನ್ನು ನಾವು ಸ್ಟುಡಿಯೊದಲ್ಲಿ ‘ಬಾಯ್ಲ್’ ಎನ್ನುತ್ತೇವೆ. ಹಾಲು ಕುದಿಯುವಾಗ ಕೆನೆ ಅಲುಗಾಡುವುದನ್ನು ನೆನಪಿಸಿಕೊಳ್ಳಿ. ಕೆನ್ನೆಯ ಮೇಲಿನ ಒಂದು ಕಲೆಯನ್ನು ಪ್ರತಿ ಫ್ರೇಮಿನಲ್ಲಿಯೂ ಬೇರೆ ಬೇರೆಯಾಗಿ ಕ್ಲೋನ್ ಮಾಡಿ ತೆಗೆದರೆ, ಪ್ರತಿ ಫ್ರೇಮು ಬಿಡಿಬಿಡಿಯಾಗಿ ನೋಡಲು ನಿರ್ದೋಷವಾಗಿರುತ್ತದೆ. ಓಡಿಸಿದರೆ ಕೆನ್ನೆ ಕುದಿಯುತ್ತದೆ. ನಾನೇ ಹಿಂದೊಮ್ಮೆ, ಇಲ್ಲಿ ಹೆಸರು ಹೇಳದ ಒಂದು ಚಿತ್ರಕ್ಕೆ, ನಟಿಯ ಹಣೆಯ ಮೇಲಿನ ಗಾಯದ ಮೇಕಪ್ಪನ್ನು ಹೀಗೆ ಫ್ರೇಮು ಫ್ರೇಮಾಗಿ ಎರಡು ರಾತ್ರಿ ಕೂತು ಅಳಿಸಿದ್ದೆ. ಚಿಕ್ಕ ಪರದೆಯಲ್ಲಿ ಏನೂ ಕಾಣಲಿಲ್ಲ. ಥಿಯೇಟರಿನ ಪರದೆಗೆ ಹಾಕಿದಾಗ ಹಣೆಯ ಮೇಲೆ ಇರುವೆ ಹರಿದಂತಿತ್ತು. ನಿರ್ದೇಶಕರು ಏನೂ ಹೇಳದೆ ಎದ್ದು ಕಾಫಿಗೆ ಹೋದರು.

ದಾರಿ ಬೇರೆಯೇ ಇದೆ. ಒಂದು ಫ್ರೇಮನ್ನು ನಿಲ್ಲಿಸಿ, ಅದರ ಮೇಲೆ ಮಾತ್ರ ಪೇಂಟ್ ಮಾಡಿ, ಆ ತಿದ್ದುಪಡಿಯ ತುಂಡನ್ನು ಟ್ರ್ಯಾಕಿಗೆ ಕಟ್ಟಿ ಉಳಿದ ಫ್ರೇಮುಗಳಿಗೆ ಒಯ್ಯಬೇಕು. ಆಗ ಕೆನ್ನೆಯ ಮೇಲೆ ಓಡಾಡುವುದು ಒಂದೇ ತುಂಡು. ಪತ್ರದಲ್ಲಿ “ಪೇಂಟ್ ಮಾಡಿದ್ದು 71 ಫ್ರೇಮುಗಳಲ್ಲ, ಐದು” ಎಂದು ಬರೆದಿದ್ದರು. ಮುಖ ತಿರುಗುತ್ತಾ ಹೋದಂತೆ ಮೊದಲ ತುಂಡು ಹೊಂದದೆ ಹೋದಾಗ ಎರಡನೆಯದು, ಹೀಗೆ ಐದು. ಆ ಐದು ಎಂಬ ಸಂಖ್ಯೆಯನ್ನು ಓದಿದಾಗ ಈ ಮನುಷ್ಯ ಫೋಟೊದಿಂದ ಸಿನಿಮಾಕ್ಕೆ ದಾಟಿದ್ದಾರೆ ಎಂದು ನನಗೆ ಅನ್ನಿಸಿತು.

ಅಂಚಿನ ವಿಷಯಕ್ಕೆ ಸ್ವಲ್ಪ ಲೆಕ್ಕ ಬೇಕು, ಬೇಸರಪಡಬೇಡಿ. ಫೋಟೊಶಾಪಿನಲ್ಲಿ ನೀವು ನೋಡುವ ಪಿಕ್ಸೆಲ್ ಬೆಲೆಗಳು ಸಾಮಾನ್ಯವಾಗಿ ಪರದೆಗೆ ಹೊಂದುವಂತೆ ಬಾಗಿಸಿದ ಬೆಲೆಗಳು. ಕಪ್ಪು 0, ಬಿಳಿ 1 ಎಂದಿಟ್ಟುಕೊಂಡರೆ, ಅಲ್ಲಿ 0.5 ಎಂದು ಕಾಣುವ ಬೂದು ಬಣ್ಣ ನಿಜವಾದ ಬೆಳಕಿನ ಲೆಕ್ಕದಲ್ಲಿ ಸುಮಾರು 0.21 ಮಾತ್ರ. ನ್ಯೂಕ್ ಒಳಗೆ ಬೆಳಕನ್ನು ಬಾಗಿಸದೆ, ನೇರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಮೇಲಿನ ಚಿತ್ರವನ್ನು ಕೆಳಗಿನದರ ಮೇಲೆ ಕೂರಿಸುವ ಸೂತ್ರ ಇಷ್ಟೇ:

```
A + B*(1-a)
```

ಇಲ್ಲಿ A ಎಂದರೆ ಮೇಲಿನ ಮುಖ, B ಎಂದರೆ ಪ್ಲೇಟು, a ಎಂದರೆ ಮುಖದ ಮ್ಯಾಟ್, ಅಂದರೆ ಯಾವ ಜಾಗದಲ್ಲಿ ಮುಖ ಎಷ್ಟು ಕಾಣಬೇಕು ಎಂದು ಹೇಳುವ ಕಪ್ಪು ಬಿಳುಪು ಚಿತ್ರ. ಬಾಗಿಸಿದ ಬೆಲೆಗಳ ಮೇಲೆ ಮೆತ್ತನೆಯ ಅಂಚನ್ನು ಬೆರೆಸಿದರೆ, ಕಪ್ಪು ಕೂದಲಿಗೂ ಹಿಂದಿನ ಬೆಳ್ಳನೆಯ ಆಕಾಶಕ್ಕೂ ನಡುವಿನ ಅರೆಪಾರದರ್ಶಕ ಜಾಗ ಇರಬೇಕಾದದ್ದಕ್ಕಿಂತ ಕಪ್ಪಾಗುತ್ತದೆ. ಅದು ತಲೆಯ ಸುತ್ತ ಕಾಡಿಗೆಯ ಗೆರೆಯಂತೆ ಕಾಣುತ್ತದೆ. ಆಲ್ಬಂ ಪುಟದಲ್ಲಿ ಅದನ್ನು ಸಣ್ಣ ಬ್ರಷ್ಷಿನಿಂದ ಒರೆಸಿಬಿಡಬಹುದು, 71 ಫ್ರೇಮುಗಳಲ್ಲಿ ಒರೆಸಲು ಹೋದರೆ ಮತ್ತೆ ಅದೇ ಕುದಿತ. ಇನ್ನೊಂದು ಕಾರಣದಿಂದಲೂ ಇದೇ ಗೆರೆ ಬರುತ್ತದೆ: ಸೂತ್ರದಲ್ಲಿನ A ಎಂಬುದು ಆಗಲೇ ಮ್ಯಾಟಿನಿಂದ ಗುಣಿಸಿದ ಚಿತ್ರವಾಗಿರಬೇಕು, ಬಣ್ಣ ತಿದ್ದುವುದನ್ನು ಮಾತ್ರ ಆ ಗುಣಾಕಾರಕ್ಕೆ ಮೊದಲೇ ಮಾಡಬೇಕು. ಗುಣಿಸಿದ ಮೇಲೆ ತಿದ್ದಿದರೆ ಅಂಚು ಮಾತ್ರ ಬೇರೆ ಬಣ್ಣಕ್ಕೆ ತಿರುಗುತ್ತದೆ.

ಈ ಅರ್ಜಿದಾರರು ಕೂದಲಿನ ಗೋಜಿಗೇ ಹೋಗಲಿಲ್ಲ, ಅದು ಅವರ ಜಾಣತನ. ಕೂದಲು, ಕಿವಿ, ಕತ್ತು ಹಾರಿದವರದ್ದನ್ನೇ ಉಳಿಸಿಕೊಂಡು, ಹಣೆಯಿಂದ ಗಲ್ಲದವರೆಗಿನ ಮುಖವನ್ನು ಮಾತ್ರ ಬದಲಿಸಿದರು. ಅಂಚನ್ನು ಕೆನ್ನೆಯ ಒಳಗೆ, ದವಡೆಯ ಗೆರೆಗಿಂತ ಈಚೆಗೆ ತಂದರು. ಚರ್ಮದ ಮೇಲೆ ಚರ್ಮವನ್ನು ಬೆರೆಸುವುದು ಸುಲಭ, ಆಕಾಶದ ಮೇಲೆ ದವಡೆಯನ್ನು ಬೆರೆಸುವುದು ಕಷ್ಟ. ಇಬ್ಬರ ದವಡೆಯ ಆಕಾರವೂ ಹತ್ತಿರದ್ದಾಗಿತ್ತು, ಇಲ್ಲದಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ದವಡೆ ಅಗಲವಾಗಿದ್ದವರ ಮೇಲೆ ಕಿರಿದಾದ ಮುಖ ಕೂರಿಸುವಾಗ ಹಿಂದಿನ ಗೋಡೆಯನ್ನೋ ಮೆಟ್ಟಿಲನ್ನೋ ಕಟ್ಟಿಕೊಂಡು ಕ್ಲೀನ್ ಪ್ಲೇಟ್ ಮಾಡಲೇಬೇಕಾಗುತ್ತದೆ.

ಗ್ರೇನ್ ಬಗ್ಗೆ ಒಂದೇ ಮಾತು. ಚರ್ಮವನ್ನು ನಯಗೊಳಿಸುವ ಕೈ ನಿಮ್ಮೆಲ್ಲರದು. ನಯಗೊಳಿಸಿದಲ್ಲಿ ಕ್ಯಾಮೆರಾದ ಕಣಗಳೂ ಹೋಗುತ್ತವೆ, ಸುತ್ತಲೂ ಕಣಗಳು ಜೀವಂತವಾಗಿ ಅಲುಗುತ್ತಿರುವಾಗ ಮುಖ ಮಾತ್ರ ಮೇಣದಂತೆ ಸತ್ತುಹೋಗಿರುತ್ತದೆ. ಇದನ್ನು ಹಿಡಿಯಲು ನಾನು ಮಾಡುವುದು ಇಷ್ಟೇ: ಶಾಟನ್ನು ನೀಲಿ ಚಾನೆಲ್ಲಿನಲ್ಲಿ ಮಾತ್ರ ಓಡಿಸಿ ನೋಡುತ್ತೇನೆ, ಏಕೆಂದರೆ ಸಾಮಾನ್ಯವಾಗಿ ಕಣಗಳು ಹೆಚ್ಚು ಎದ್ದು ಕಾಣುವುದು ಅಲ್ಲಿ. ಬಳಿಕ ವ್ಯೂವರಿನ ಗಾಮಾ ಏರಿಸಿ ನೆರಳಿನ ಭಾಗವನ್ನು ನೋಡುತ್ತೇನೆ. ಅರ್ಜಿಯ ಜೊತೆಗಿನ ಶಾಟ್ ಬಂದಾಗಲೂ ಮೊದಲು ನೋಡಿದ್ದು ನೀಲಿಯನ್ನೇ. ಕಣಗಳಿದ್ದವು, ತುಸು ಹೆಚ್ಚೇ ಇದ್ದವು.

ಈಗ 64ರಿಂದ 70ನೇ ಫ್ರೇಮಿನವರೆಗಿನ ತಪ್ಪೊಪ್ಪಿಗೆಯ ಮಾತು. ಸಭೆಯಲ್ಲಿ ಕೆಲವರು ಆಗಲೇ ತಲೆಯಾಡಿಸುತ್ತಿದ್ದೀರಿ, ಕೆಲಸ ಕೇಳುವ ಪತ್ರದಲ್ಲಿ ತಪ್ಪನ್ನು ತಾನೇ ತೋರಿಸುವುದೇ ಎಂದು. ಆ ಏಳು ಫ್ರೇಮುಗಳನ್ನು ಅವರು ಬರೆಯದಿದ್ದರೂ ನಾನು ನೋಡಿಯೇ ನೋಡುತ್ತಿದ್ದೆ. ಅವರು ಬರೆದದ್ದರಿಂದ ನನಗೆ ತಿಳಿದದ್ದು ಬೇರೆ: ಅವರಿಗೂ ಅದು ಕಾಣುತ್ತದೆ. ಎರಡು ಆಯಾಮದ ಮುಖವನ್ನು ಎಳೆದು, ಬಾಗಿಸಿ ಒಂದಿಷ್ಟು ಕೋನದವರೆಗೆ ತಿರುಗಿಸಬಹುದು. ತಲೆ ಪೂರ್ತಿ ಪಕ್ಕಕ್ಕೆ ಹೊರಳುವಾಗ ಮೂಗು ಕೆನ್ನೆಯನ್ನು ಮರೆಮಾಡಬೇಕು, ಆಚೆಯ ಕಣ್ಣು ಮೂಗಿನ ಹಿಂದೆ ಅಡಗಬೇಕು. ಚಪ್ಪಟೆಯಾದ ಚಿತ್ರದಲ್ಲಿ ಒಂದರ ಹಿಂದೆ ಒಂದು ಅಡಗುವುದಕ್ಕೆ ಜಾಗವೇ ಇಲ್ಲ. ಅಲ್ಲಿ ತಲೆಯ ಮೂರು ಆಯಾಮದ ಆಕೃತಿಯನ್ನು ಮ್ಯಾಚ್‌ಮೂವ್ ಮಾಡಿ, ಅಂದರೆ ಶಾಟ್‌ನಲ್ಲಿರುವ ತಲೆಯ ಚಲನೆಗೆ ಹೊಂದಿಸಿ, ಅದರ ಮೇಲೆ ಮುಖವನ್ನು ಪ್ರೊಜೆಕ್ಟ್ ಮಾಡಬೇಕಾಗುತ್ತದೆ. ಅದು ನನ್ನ ವಿಭಾಗ ಹೇಳಿಕೊಡಬಹುದಾದ ವಿಷಯ. ಕಾಣದಿರುವ ಕಣ್ಣಿಗೆ ಕಾಣುವುದನ್ನು ಹೇಳಿಕೊಡಲು ನನಗೆ ಬರುವುದಿಲ್ಲ.

ಒಪ್ಪಿಗೆಯ ಸಾಲನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮುಖ ಬದಲಾವಣೆಯ ಮಾದರಿ ಎಂದು ಪ್ರಸಿದ್ಧ ನಟರ ಮುಖವನ್ನು ಯಾರದೋ ದೇಹಕ್ಕೆ ಅಂಟಿಸಿ ಕಳಿಸುವವರೇ ಹೆಚ್ಚು. ಆ ನಟರು ಒಪ್ಪಿದ್ದಾರೆಯೇ ಎಂದು ಕೇಳಿದರೆ ನಗುತ್ತಾರೆ. 2023ರಲ್ಲಿ ಅಮೆರಿಕದ ನಟರ ಸಂಘ ಮುಷ್ಕರ ಮಾಡಿ ಪಡೆದ ಒಪ್ಪಂದದಲ್ಲಿ, ನಟರ ಡಿಜಿಟಲ್ ಪ್ರತಿರೂಪ ಬಳಸಲು ಅವರ ಒಪ್ಪಿಗೆ ಬೇಕೆಂಬ ಷರತ್ತು ಸೇರಿದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು ನಟ ಅನಿಲ್ ಕಪೂರ್ ಅವರ ಹೆಸರು, ದನಿ, ರೂಪಗಳ ದುರ್ಬಳಕೆಗೆ ತಡೆ ಕೊಟ್ಟಿತು. ನಮ್ಮ ಗ್ರಾಹಕರ ಕರಾರುಗಳಲ್ಲಿ ಈಗ ಇದಕ್ಕಾಗಿ ಪ್ರತ್ಯೇಕ ಪುಟಗಳಿವೆ. ನಾಳೆ ನಟರೊಬ್ಬರ ಮುಖದ ಕಡತಗಳನ್ನು ನಾವು ಯಾರ ಕೈಗೆ ಕೊಡಬೇಕೋ ಅವರು ಇಬ್ಬರು ಗೆಳೆಯರಿಂದಲೂ ಸಹಿ ಹಾಕಿಸಿಕೊಂಡಿದ್ದಾರೆ ಎಂದರೆ, ಅವರನ್ನು ಒಳಗೆ ಕರೆಯಲು ನನಗೆ ಧೈರ್ಯ ಬರುತ್ತದೆ. ಹಾಗೆಯೇ “ಚಿತ್ರೀಕರಣ ನನ್ನದಲ್ಲ” ಎಂಬ ಎರಡು ಪದಗಳೂ. ಬೇರೆಯವರು ಮಾಡಿದ ರೋಟೊ ತಮ್ಮದೆಂದು ತೋರಿಸಿದ ರೀಲನ್ನು ನಂಬಿ ಒಮ್ಮೆ ನಾನು ಮೋಸಹೋಗಿದ್ದೇನೆ. ಮೊದಲ ವಾರದ ಟೆಸ್ಟಿನಲ್ಲಿಯೇ ಅದು ಗೊತ್ತಾಗಿಬಿಟ್ಟಿತು.

ಇವರನ್ನು ಕರೆಸಿ ನಾವು ಕೊಟ್ಟ ಪರೀಕ್ಷೆ ಮುಖ ಬದಲಾವಣೆಯದ್ದಲ್ಲ, 48 ಫ್ರೇಮುಗಳಲ್ಲಿ ಒಂದು ತಂತಿಯನ್ನು ಅಳಿಸುವುದು. ತಂತಿ ನಟನ ಭುಜದ ಹಿಂದೆ ಹಾದು, ಇಟ್ಟಿಗೆ ಗೋಡೆಯ ಮೇಲಿಂದ ಹೋಗುತ್ತಿತ್ತು. ಒಂದು ದಿನ ಕಾಲಾವಕಾಶ ಕೊಟ್ಟಿದ್ದೆವು. ಸಂಜೆ ಅವರು ಶಾಟ್ ಜೊತೆ ಒಂದು ಸಣ್ಣ ಚೀಟಿಯನ್ನೂ ಇಟ್ಟು ಹೋದರು: “31ನೇ ಫ್ರೇಮಿನಲ್ಲಿ ಭುಜದ ಅಂಚು ಇನ್ನೂ ಮೆತ್ತಗಿದೆ, ಇನ್ನೊಂದು ಗಂಟೆ ಸಿಕ್ಕರೆ ರೋಟೊ ಬಿಗಿ ಮಾಡುತ್ತೇನೆ.” ನಾನು ಹೋಗಿ 31ನೇ ಫ್ರೇಮನ್ನು ನೋಡಿದೆ. ಮೆತ್ತಗೇ ಇತ್ತು. ಮಾರನೆಯ ದಿನ ಬೆಳಿಗ್ಗೆ ಆ ಒಂದು ಗಂಟೆಯನ್ನು ಕೊಟ್ಟೆವು. ಅವರು ಪೇಂಟ್ ವಿಭಾಗಕ್ಕೆ ಸೇರಿದರು, ಮುಖ ಬದಲಾವಣೆಯ ಮೊದಲ ಶಾಟ್ ಅವರ ಮೇಜಿಗೆ ಬಂದದ್ದು ಹನ್ನೊಂದು ತಿಂಗಳ ನಂತರ.